ಹೊರಗಿಟ್ಟ ಜೋಡು ಯಾರದು?

ಜನಪದ ಕಥೆಯೊಂದನ್ನು ಓದಿ ಮಕ್ಕಳ ಮುಂದೆ ಇಡಬಹುದಾದ ಪ್ರಶ್ನೆಗಳು

ಕಥೆ ಮುಗಿದ ಕೂಡಲೇ ‘ಇದರ ನೀತಿ ಏನು?’ ಎಂದು ಕೇಳಿ ನೋಡಿ. ಅರ್ಧ ಕಥೆಗೆ ಕಿವಿಗೊಡದ ಮಗುವೂ ‘ಸುಳ್ಳು ಹೇಳಬಾರದು’, ‘ಜಗಳ ಆಡಬಾರದು’ ಎಂದು ಥಟ್ಟನೆ ಹೇಳುತ್ತದೆ. ಕಥೆ ಗೊತ್ತಿಲ್ಲದಿದ್ದರೂ ಉತ್ತರ ಕೊಡಬಹುದಾದ ಪ್ರಶ್ನೆ ಅದು. ಓದುವ ಬಳಗದಲ್ಲಿ ಆರೆಂಟು ಮಕ್ಕಳನ್ನು ಸುತ್ತ ಕೂರಿಸಿಕೊಂಡಾಗ ಬೇಕಾಗುವುದು ಬೇರೆ ಬಗೆಯ ಪ್ರಶ್ನೆ. ಅದಕ್ಕೆ ಕಥೆ ತಾನೇ ಉತ್ತರ ಹೇಳಿರಬಾರದು, ಆದರೆ ಉತ್ತರ ಹುಡುಕಲು ಮಗು ಕಥೆಯೊಳಕ್ಕೇ ಮರಳಿ ಹೋಗಬೇಕು. ಹಾಗಾಗಿ ನೀತಿಯನ್ನು ಸುಲಭವಾಗಿ ಬಿಟ್ಟುಕೊಡದ ಕಥೆಯನ್ನೇ ಆರಿಸಿಕೊಳ್ಳುವುದು ಮೇಲು.

ಅಂಥದ್ದೊಂದು ಕಥೆ ಎ.ಕೆ. ರಾಮಾನುಜನ್ (1929–1993) ಸಂಗ್ರಹಿಸಿದ ಕನ್ನಡದ ಕಥೆಗಳಲ್ಲಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಯಾರಿಗೂ ಕಥೆ ಹೇಳಲಿಲ್ಲ, ಹಾಡು ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಒಂದು ಜೊತೆ ಜೋಡಾಗಿ ಮನೆಯ ಹೊರಗೆ ಕೂತಿತು, ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ‘ಯಾರು ಬಂದಿದ್ದಾರೆ?’ ಎಂದ. ಯಾರೂ ಇಲ್ಲ ಎಂದಳು. ‘ಹಾಗಾದರೆ ಇವು ಯಾರವು?’ ಎಂದರೆ ಅವಳಿಗೂ ಗೊತ್ತಿಲ್ಲ. ಜಗಳವಾಯಿತು. ಅವನು ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅದೇ ಗುಡಿಗೆ ಬಂದು ರಾತ್ರಿಯಿಡೀ ಹರಟುತ್ತಿದ್ದವು. ಆ ಮನೆಯ ದೀಪ ತಡವಾಗಿ ಬಂದು ಜಗಳದ ನಿಜ ಕಾರಣ ಹೇಳಿತು. ಕಂಬಳಿಯೊಳಗಿನಿಂದಲೇ ಕೇಳಿಸಿಕೊಂಡ ಗಂಡ ಬೆಳಗಾದಾಗ ಮನೆಗೆ ಹೋಗಿ, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳಿಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಎಂದಳು.

ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರಿಗೆ ಗುಡಿಯಲ್ಲಿ ಸೇರುವ ಈ ದೀಪಗಳ ಪರಿಚಯ ಇರುತ್ತದೆ. ನಾಲ್ಕನೇ, ಐದನೇ ತರಗತಿಯ ಮಕ್ಕಳಿಗೆ ಇದು ಐದಾರು ನಿಮಿಷದ ಓದು. ಒಂದು ಪೀರಿಯಡ್ಡಿನಲ್ಲಿ ಉಳಿದ ಸಮಯವೆಲ್ಲ ಮಾತಿಗೆ ಸಿಗುತ್ತದೆ. ಆದರೆ ಪ್ರಶ್ನೆಗಳನ್ನೆಲ್ಲ ಕೊನೆಗೆ ಕೂಡಿಡಬಾರದು. ಪಾತ್ರವೊಂದು ಆಯ್ಕೆ ಮಾಡುವ ಜಾಗಕ್ಕೆ ಬಂದಾಗ ಪುಸ್ತಕ ಮಡಚಿ ನಿಲ್ಲಬೇಕು. ಈ ಕಥೆಯಲ್ಲಿ ಅಂಥ ನಿಲುಗಡೆ ಮೂರು.

ಮೊದಲನೆಯದು ಗಂಡ ಕಂಬಳಿ ಎತ್ತಿಕೊಂಡಾಗ. ಇಲ್ಲಿ ‘ತಪ್ಪು ಯಾರದು?’ ಎಂದು ಕೇಳಿದರೆ ಬಳಗ ಪಂಚಾಯಿತಿ ಕಟ್ಟೆಯಾಗುತ್ತದೆ. ಹುಡುಗರು ಗಂಡನ ಕಡೆ, ಹುಡುಗಿಯರು ಹೆಂಡತಿಯ ಕಡೆ ಸೇರಿಬಿಡುತ್ತಾರೆ. ಅದರ ಬದಲು ಬೋರ್ಡಿನ ಮೇಲೆ ಮೂರು ಮನೆ ಎಳೆದು ಗಂಡ, ಹೆಂಡತಿ, ನಾವು ಎಂದು ಬರೆಯಿರಿ. ‘ಈ ಹೊತ್ತಿನಲ್ಲಿ ಯಾರಿಗೆ ಏನು ಗೊತ್ತಿದೆ?’ ಎಂದು ಕೇಳಿ. ಗಂಡನ ಮನೆಯಲ್ಲಿ ಜೋಡು, ಕೋಟು, ಹೆಂಡತಿಯ ‘ಗೊತ್ತಿಲ್ಲ’ ಎಂಬ ಮಾತು ಇಷ್ಟೇ ತುಂಬುತ್ತದೆ. ಹೆಂಡತಿಗೂ ಹೆಚ್ಚೇನೂ ಗೊತ್ತಿಲ್ಲ. ಕಥೆ, ಹಾಡು ಹೊರಬಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ ಇದೆ. ಈ ಪಟ್ಟಿ ಕಣ್ಣೆದುರು ಬಂದರೆ ‘ಅವನು ದಡ್ಡ, ಸುಮ್ಮನೆ ಜಗಳ ಆಡಿದ’ ಎಂದ ಮಗು ತಾನೇ ಮಾತು ತಿದ್ದಿಕೊಳ್ಳಲು ದಾರಿಯಾಗುತ್ತದೆ. ಪಾತ್ರದ ಆಯ್ಕೆಯನ್ನು ಆ ಪಾತ್ರಕ್ಕೆ ಆಗ ಗೊತ್ತಿದ್ದಷ್ಟರಿಂದಲೇ ಅಳೆಯಬೇಕು ಎಂಬುದನ್ನು ಉಪದೇಶವಿಲ್ಲದೆ ಕಲಿಸುವ ಬಗೆ ಇದು.

ಭಾವನೆಯ ಪ್ರಶ್ನೆ ಇದರ ನಂತರ ಬರಲಿ. ‘ಅವಳಿಗೆ ಹೇಗನ್ನಿಸಿತು?’ ಎಂದರೆ ‘ಬೇಜಾರಾಯಿತು’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಪ್ರಶ್ನೆಯನ್ನು ಒಂದು ನಿರ್ದಿಷ್ಟ ಗಳಿಗೆಗೆ ಕಟ್ಟಿಹಾಕಿ: ‘ಅವಳು ಹೇಳಿದ್ದು ನಿಜ. ಆದರೂ ಅವನು ನಂಬಲಿಲ್ಲ. ಆಗ ಅವಳಿಗೆ ಅವನ ಮೇಲೆ ಕೋಪ ಬಂದಿರಬಹುದೇ, ಭಯವಾಗಿರಬಹುದೇ, ತನ್ನ ಮೇಲೇ ಅನುಮಾನ ಬಂದಿರಬಹುದೇ?’ ಯಾವುದನ್ನು ಆರಿಸಿದರೂ ‘ಕಥೆಯಲ್ಲಿ ಎಲ್ಲಿಂದ ಗೊತ್ತಾಯಿತು?’ ಎಂದು ಕೇಳಿ. ಗಂಡ ಹೋದ ಮೇಲೆ ಅವಳೂ ಒಬ್ಬಳೇ ಮಲಗಿ, ಇವು ಯಾರವು ಎಂದು ತಲೆಕೆಡಿಸಿಕೊಂಡಳು ಎಂಬ ಮಾತು ಕಥೆಯಲ್ಲಿದೆ. ಅದನ್ನು ಹುಡುಕಿ ತೋರಿಸಿದ ಮಗುವಿನ ಉತ್ತರ ಬರೀ ಊಹೆಯಲ್ಲ. ಕೊನೆಗೆ ಆಯ್ಕೆಯ ಪ್ರಶ್ನೆ: ‘ಗುಡಿಗೆ ಹೋಗುವುದು ಬಿಟ್ಟು ಅವನ ಮುಂದೆ ಇನ್ನೇನು ದಾರಿಗಳಿದ್ದವು?’ ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ಮೊದಲೇ ಕೇಳಿದರೆ ಮಕ್ಕಳು ಒಳ್ಳೆಯವರಂತೆ ಕಾಣುವ ಉತ್ತರವನ್ನೇ ಕೊಡುತ್ತಾರೆ.

ಎರಡನೆಯ ನಿಲುಗಡೆ ದೀಪದ ಮಾತು ಮುಗಿದಾಗ. ‘ನಾಳೆ ಬೆಳಿಗ್ಗೆ ಅವನು ಮನೆಗೆ ಹೋಗಿ ಮೊದಲು ಯಾವ ಮಾತು ಆಡಬೇಕು?’ ಎಂದು ಕೇಳಿ, ಒಬ್ಬೊಬ್ಬರೂ ಒಂದೊಂದು ವಾಕ್ಯ ಬರೆಯಲಿ. ‘ತಪ್ಪಾಯಿತು’ ಎಂದು ಬರೆಯುವವರು ಖಂಡಿತ ಇರುತ್ತಾರೆ. ನಂತರ ಮುಂದೆ ಓದಿದರೆ, ಗಂಡ ಕ್ಷಮೆ ಕೇಳಿದ ಎಂಬ ಮಾತೇ ಕಥೆಯಲ್ಲಿಲ್ಲ. ಅವನು ನೇರವಾಗಿ ಕಥೆ, ಹಾಡಿನ ಬಗ್ಗೆ ಕೇಳುತ್ತಾನೆ. ತಮ್ಮ ವಾಕ್ಯವನ್ನು ಅವನ ಮಾತಿನ ಪಕ್ಕದಲ್ಲಿಟ್ಟು ನೋಡಿದಾಗ ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳಿದರೂ ಕೇಳಬಹುದು: ಅನುಮಾನ ಹೋದರೆ ಸಾಕೇ, ನೋವು ಹೋಗುವುದು ಬೇಡವೇ?

ಮೂರನೆಯದು ಕಥೆಯ ಕೊನೆ. ಇಲ್ಲಿ ಎರಡೇ ಪ್ರಶ್ನೆ ಸಾಕು. ಕಥೆ, ಹಾಡು ಸೇಡು ತೀರಿಸಿಕೊಂಡದ್ದು ನ್ಯಾಯವೇ? ಅವಳು ಯಾಕೆ ಯಾರಿಗೂ ಹೇಳಿರಲಿಲ್ಲ? ಎರಡನೆಯದಕ್ಕೆ ಕಥೆ ಬಾಯಿ ಬಿಡುವುದಿಲ್ಲ. ನಾಚಿಕೆ, ಕೆಲಸದ ಹೊರೆ, ನಗುತ್ತಾರೆಂಬ ಹೆದರಿಕೆ, ಹೀಗೆ ಉತ್ತರಗಳು ಬರುತ್ತವೆ. ಆಗ ‘ಯಾರಾದರೂ ಅವಳನ್ನು ಕೇಳಿದ್ದರೇ? ಹುಡುಕಿ’ ಎನ್ನಿ. ಇಡೀ ಕಥೆಯಲ್ಲಿ ಹಾಗೆ ಕೇಳುವುದು ಒಂದೇ ಸಲ, ಅದೂ ಅವಳು ಮರೆತ ಮೇಲೆ.

ಪ್ರಶ್ನೆ ಎಷ್ಟೇ ಚೆನ್ನಾಗಿದ್ದರೂ ಕೇಳಿದವರು ಕಾಯದಿದ್ದರೆ ಕೆಡುತ್ತದೆ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳನ್ನು ಅಧ್ಯಯನ ಮಾಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಿದ್ದದ್ದು ಕಂಡಿತು. 3 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಉತ್ತರ ಬಾರದೆ ಹೋಗುವುದು ಕಡಿಮೆಯಾಯಿತು. ಮನಸ್ಸಿನಲ್ಲೇ ಐದು ಎಣಿಸಿಕೊಂಡರೆ ಸಾಕು.

ಇನ್ನೊಂದು ಎಚ್ಚರ ಬೇಕು. ಇದು ಗಂಡ ಹೆಂಡಿರ ಜಗಳದ ಕಥೆ. ‘ನಿಮ್ಮ ಮನೆಯಲ್ಲೂ ಹೀಗಾಗುತ್ತದೆಯೇ?’ ಎಂದು ಎಲ್ಲರೆದುರು ಕೇಳಲೇಬಾರದು. ಪ್ರಶ್ನೆ ಪಾತ್ರದ ಮೇಲೆಯೇ ಇದ್ದರೆ, ಮನೆಯಲ್ಲಿ ಕಂಡದ್ದನ್ನು ಮಗು ಆ ಪಾತ್ರದ ಮರೆಯಲ್ಲಿ ನಿಂತು ಹೇಳಬಹುದು, ಹೇಳದೆಯೂ ಇರಬಹುದು. ಯಾವುದಾದರೂ ಮಗು ತಾನಾಗಿ ಮನೆಯ ಮಾತು ತೆಗೆದರೆ, ಚರ್ಚೆಗೆ ಎಳೆಯದೆ ಕೇಳಿಸಿಕೊಂಡು, ಆಮೇಲೆ ಒಬ್ಬೊಬ್ಬರೇ ಕೂತು ಮಾತಾಡುವುದು ಸರಿ.

ಬಳಗ ನಡೆದ ರೀತಿ ಹೇಗಿತ್ತೆಂದು ತಿಳಿಯಲು ಸರಿಯುತ್ತರ ಎಣಿಸಬೇಕಿಲ್ಲ. ಮಕ್ಕಳು ಶಿಕ್ಷಕರ ಮುಖ ನೋಡುತ್ತ ಉತ್ತರಿಸಿದರೆ ಪ್ರಶ್ನೆ ಇನ್ನೂ ಪರೀಕ್ಷೆಯದ್ದೇ ಎಂದರ್ಥ. ‘ಇಲ್ಲ ಕಣೋ, ಇಲ್ಲಿ ನೋಡು’ ಎಂದು ಒಬ್ಬ ಇನ್ನೊಬ್ಬನಿಗೆ ಪುಟ ತೋರಿಸತೊಡಗಿದರೆ ಶಿಕ್ಷಕರು ಸುಮ್ಮನಿರಬಹುದು.