ತಮಾಷೆ ಪೋಸ್ಟಿಗೆ ತಡೆ ಹಾಕುವ ಹೊತ್ತು

2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಮಂದಿ ಸತ್ತರು. ಅಂಗಡಿ, ಹೋಟೆಲುಗಳ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪುಟ ನೋಡಿಕೊಳ್ಳುವವರಿಗೆ ಇಷ್ಟು ಬೇಗ ಮಗ್ಗುಲು ಬದಲಿಸಿದ ದಿನ ಅಪರೂಪ. ಗೆಲುವಿನ ಖುಷಿಯಲ್ಲಿ ಬರೆದು ಟೈಮ್ ಸೆಟ್ ಮಾಡಿಟ್ಟ ಪೋಸ್ಟಿಗೆ ಹೊರಗೇನಾಗಿದೆ ಎಂಬ ಗೊಡವೆಯಿಲ್ಲ. ಹೇಳಿದ ಗಳಿಗೆಗೆ ಅದು ಹೋಗಿಯೇ ತೀರುತ್ತದೆ.

ಒಂದು ಸಿಹಿತಿಂಡಿ ಅಂಗಡಿ ಅಂತಿಟ್ಟುಕೊಳ್ಳಿ. ಸರದಿಯಲ್ಲಿ ಮೂರು ಪೋಸ್ಟುಗಳಿವೆ. ಜೂನ್ 4ರ ಸಂಜೆ ಆರೂವರೆಗೆ: 'ಕಪ್ ನಮ್ದು, ಮೈಸೂರ್‌ಪಾಕ್ ನಿಮ್ದು! ನಮ್ಮ ಬಾಗಿಲಲ್ಲಿ ನೂಕುನುಗ್ಗಲು, ಬೇಗ ಬನ್ನಿ.' 5ರ ಬೆಳಿಗ್ಗೆ: 'ಕುಣಿದು ಕುಣಿದು ಕಾಲು ನೋವಾ? ಬಿಸಿ ಜಾಮೂನು ಮದ್ದು.' 6ರ ಸಂಜೆ: 'ಆಫೀಸಲ್ಲಿ ಬಾಸ್ ತಲೆ ತಿಂದರೆ ನೀವು ನಮ್ಮ ಮದ್ದೂರು ವಡೆ ತಿನ್ನಿ.'

ಸಂಜೆ ಟಿವಿಯಲ್ಲಿ ಮೊದಲು ಬರುವುದು 'ಕೆಲವರು ಅಸ್ವಸ್ಥ' ಎಂಬಂಥ ಅರೆಬರೆ ಸುದ್ದಿ. ಆಗಲೇ ಮೂರನ್ನೂ ನಿಲ್ಲಿಸಬೇಕು, ಯಾವುದನ್ನು ಏನು ಮಾಡುವುದೆಂದು ಆಮೇಲೆ ಯೋಚಿಸಬಹುದು. ಸಾವಿನ ಸಂಖ್ಯೆ ಖಚಿತವಾಗಲಿ ಎಂದು ಕಾದರೆ ಆರೂವರೆ ದಾಟಿರುತ್ತದೆ. ಸುದ್ದಿ ಸುಳ್ಳಾದರೆ ಕಳೆದುಕೊಳ್ಳುವುದು ಒಂದು ಸಂಜೆಯ ಲೈಕು ಮಾತ್ರ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಸರದಿಯ ಪೋಸ್ಟನ್ನು ಬೇರೆ ದಿನಕ್ಕೆ ಹಾಕಬಹುದು, ಡ್ರಾಫ್ಟಿಗೆ ಸರಿಸಬಹುದು. ಡ್ರಾಫ್ಟೇ ಕ್ಷೇಮ. ದಿನಾಂಕ ಮುಂದೂಡಿದ್ದನ್ನು ಮರೆತರೆ ಅದು ಮುಂದಿನ ವಾರ ತಾನಾಗಿ ಎದ್ದು ಬರುತ್ತದೆ.

ಬಹಳ ಜನ ಎಡವುವುದು ಇದರ ನಂತರ. ಹಿಂದಿನ ದಿನದ ಗೆಲುವಿನ ಪೋಸ್ಟಿಗೆ ದುಡ್ಡು ಕಟ್ಟಿ ಬೂಸ್ಟ್ ಮಾಡಿದ್ದರೆ ಆ ಜಾಹೀರಾತು ಬೇರೆಯೇ ಓಡುತ್ತಿರುತ್ತದೆ. ಸರದಿ ನಿಲ್ಲಿಸಿದರೂ ಅದು ನಿಲ್ಲುವುದಿಲ್ಲ, ಆಡ್ಸ್ ಮ್ಯಾನೇಜರ್‌ಗೆ ಹೋಗಿ ಆಫ್ ಮಾಡಬೇಕು. ಬೆಳಿಗ್ಗೆ ಹಾಕಿದ ಸ್ಟೋರಿ 24 ಗಂಟೆ ಉಳಿಯುತ್ತದೆ. ವಾಟ್ಸಾಪ್, ಎಸ್ಎಂಎಸ್ ಕಳಿಸಲು ಬೇರೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದರೆ ಅವರಿಗೂ ಫೋನ್ ಹೋಗಬೇಕು. ಪಾಸ್‌ವರ್ಡ್ ಇರುವ ಹುಡುಗ ಆರಕ್ಕೆ ಮನೆಗೆ ಹೊರಟು ಮೆಟ್ರೋದಲ್ಲಿದ್ದರೆ ಮಾಲೀಕರ ಒಳ್ಳೆಯ ಮನಸ್ಸಿನಿಂದ ಏನೂ ಆಗದು. ಎರಡನೆಯವರೊಬ್ಬರ ಕೈಯಲ್ಲೂ ಕೀಲಿ ಇರಲೇಬೇಕು.

ಇನ್ನು ತೀರ್ಮಾನ. ಸುದ್ದಿ ಎಷ್ಟು ದೊಡ್ಡದು ಎಂಬ ಅಳತೆಗಿಂತ, ಜೋಕಿನ ಮಾತು ಆ ಸಾವಿಗೆ ತಾಗುತ್ತದೆಯೇ ಎಂಬುದು ಮುಖ್ಯ ಎಂದು ನನ್ನ ಎಣಿಕೆ. 2012ರ ಜುಲೈ 20ರಂದು ಅಮೆರಿಕದ ಕೊಲರಾಡೊದ ಅರೋರಾ ಊರಿನ ಚಿತ್ರಮಂದಿರದಲ್ಲಿ ಒಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದ. ಕೆಲವೇ ಗಂಟೆಗಳಲ್ಲಿ ಬಂದೂಕು ಸಂಘಟನೆಯೊಂದರ ಪತ್ರಿಕೆಯ ಟ್ವಿಟರ್ ಖಾತೆ 'ಶೂಟರ್‌ಗಳಿಗೆ ಶುಭೋದಯ' ಎಂದು ನಗುನಗುತ್ತಾ ಹೇಳಿ, ವಾರಾಂತ್ಯಕ್ಕೆ ಏನು ಯೋಜನೆ ಎಂದು ಕೇಳಿತು. ಬೇರೆ ಯಾವ ಶುಕ್ರವಾರವಾದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬರೆದವರಿಗೆ ಘಟನೆ ಗೊತ್ತಿರಲಿಲ್ಲ ಎಂದು ಸಂಘಟನೆ ಹೇಳಿತು, ಪೋಸ್ಟನ್ನು ತೆಗೆಯಲಾಯಿತು.

ಈ ಕಣ್ಣಿನಿಂದ ನೋಡಿದರೆ ನಮ್ಮ ಮೊದಲ ಪೋಸ್ಟು ಸೀದಾ ಡಿಲೀಟ್. 'ನೂಕುನುಗ್ಗಲು' ತೆಗೆದು 'ಬೇಗ ಬನ್ನಿ' ಉಳಿಸಿದರೂ ಅದು ನಿಲ್ಲದು, ಏಕೆಂದರೆ ಅದರ ಬುಡವೇ ಆ ಸಂಭ್ರಮ. ಎರಡನೆಯದರಲ್ಲಿ ಗುಂಪಿನ ಮಾತಿಲ್ಲ, ನಿಜ. ಆದರೆ ಕುಣಿತ, ಕಾಲು ನೋವು ಎರಡೂ ಆ ರಸ್ತೆಗೇ ಕರೆದೊಯ್ಯುತ್ತವೆ. ಅದೂ ಹೋಗಲಿ. ಮೂರನೆಯದಕ್ಕೂ ಘಟನೆಗೂ ಸಂಬಂಧವಿಲ್ಲ, ಹಾಗಾಗಿ ತಿದ್ದಲು ಲಾಯಕ್ಕಾದದ್ದು ಅದೊಂದೇ. ಬಾಸನ್ನು ಬಿಟ್ಟು 'ಸಂಜೆ ನಾಲ್ಕರಿಂದ ಮದ್ದೂರು ವಡೆ ಸಿಗುತ್ತದೆ' ಎಂದಷ್ಟೇ ಹಾಕಬಹುದು. ತಿದ್ದುವುದೆಂದರೆ ನಗುವ ಇಮೋಜಿ ಅಳಿಸುವುದಲ್ಲ. ಜೋಕು ತೆಗೆದ ಮೇಲೂ ಹೇಳಲು ಒಂದು ಸಮಾಚಾರ ಉಳಿದರೆ ತಿದ್ದಿ, ಏನೂ ಉಳಿಯದಿದ್ದರೆ ಬಿಡಿ.

ಖಾಲಿಯಾದ ಜಾಗಕ್ಕೆ ಲೋಗೋ ಸಮೇತ ಕಪ್ಪು ಚೌಕದ ಸಂತಾಪ ಹಾಕುವ ಚಪಲ ಕೆಲವರಿಗೆ. ಘಟನೆಗೆ ಸಂಬಂಧವಿಲ್ಲದ ಅಂಗಡಿಯ ಮೌನವನ್ನು ಯಾರೂ ತಪ್ಪೆನ್ನುವುದಿಲ್ಲ, ಸಂತಾಪದ ಮೂಲೆಯಲ್ಲಿ ಹೋಂ ಡೆಲಿವರಿ ನಂಬರ್ ಕಂಡರೆ ಖಂಡಿತ ಎನ್ನುತ್ತಾರೆ.

ದೇಶದಲ್ಲಿ ದಿನವೂ ಎಲ್ಲೋ ಒಂದು ಅಪಘಾತ ಇದ್ದೇ ಇರುತ್ತದೆ, ಎಲ್ಲದಕ್ಕೂ ನಿಲ್ಲಿಸಿದರೆ ಪುಟವನ್ನೇ ಮುಚ್ಚಬೇಕಾದೀತು. ನಮ್ಮ ಓದುಗರು ಆ ಊರಿನವರೇ, ಅವರ ಫೋನಿನ ತುಂಬ ಆ ಸುದ್ದಿಯೇ ಇದೆಯೇ ಎಂದು ನೋಡಿದರೆ ಸಾಕು. ಇದೇ ಜೂನ್ 4ರಂದು ಬೇರೆ ರಾಜ್ಯದ ಅಂಗಡಿಯೊಂದು ವಡೆಯ ಜೋಕು ಹಾಕಿದ್ದರೆ ತಪ್ಪೇನಿರಲಿಲ್ಲ.

ಮತ್ತೆ ಶುರು ಮಾಡಲು ಇಂತಿಷ್ಟೇ ದಿನ ಎಂಬ ಲೆಕ್ಕವಿಲ್ಲ. ದುರಂತಕ್ಕೆ ಹತ್ತಿರವಿದ್ದಷ್ಟೂ ಕಾಯುವ ಕಾಲ ಉದ್ದ. ಆರ್‌ಸಿಬಿ ತಂಡವೇ ದುರಂತದ ಬೆನ್ನಿಗೆ ಹೇಳಿಕೆ ಕೊಟ್ಟ ಮೇಲೆ ಆಗಸ್ಟ್ 28ರವರೆಗೆ ತನ್ನ ಪುಟಗಳಲ್ಲಿ ಸುಮ್ಮನಿತ್ತು. ಸಿಹಿತಿಂಡಿ ಅಂಗಡಿಗೆ ಅಷ್ಟು ಬೇಕಿಲ್ಲ. ಮೊದಲು ವಡೆಯ ಸಾದಾ ಪೋಸ್ಟು ಹಾಕಿ ಕಮೆಂಟು ಓದಲಿ. ಜನ ಬೆಲೆ ಎಷ್ಟು, ಪಾರ್ಸೆಲ್ ಇದೆಯಾ ಎಂದು ಕೇಳತೊಡಗಿದ ಮೇಲೆ ಬಾಸಿನ ಜೋಕನ್ನು ಡ್ರಾಫ್ಟಿನಿಂದ ಹೊರತೆಗೆಯಬಹುದು.