‘ರೂಮಿನಲ್ಲಿ ತಿಗಣೆ ಇದೆ ಸಾರ್’

ದಸರಾ ಸಮಯದ ಮೈಸೂರು ಅಂದುಕೊಳ್ಳಿ. ಲಾಡ್ಜು ಭರ್ತಿ. ರಾತ್ರಿ ಹನ್ನೊಂದೂವರೆಗೆ ಮ್ಯಾನೇಜರ್ ಮೊಬೈಲಿಗೆ ಒಂದು ಫೋಟೊ ಬರುತ್ತದೆ. ಬಿಳಿ ದಿಂಬಿನ ಮೇಲೆ ಎಳ್ಳಿಗಿಂತ ತುಸು ದೊಡ್ಡದಾದ, ಚಪ್ಪಟೆ, ಕಂದು ಹುಳ. ಜೊತೆಗೆ ಒಂದು ಸಾಲು: ‘ಮಗಳ ಕೈತುಂಬ ದದ್ದು ಎದ್ದಿದೆ, ಇದೇನು ಸಾರ್?’

‘ನಮ್ಮಲ್ಲಿ ಅದೆಲ್ಲ ಇಲ್ಲ, ನಿಮ್ಮ ಬ್ಯಾಗಿನಲ್ಲೇ ಬಂದಿರಬೇಕು’ ಅನ್ನುವ ಉತ್ತರ ಆಗ ಬೆರಳ ತುದಿಯಲ್ಲೇ ಇರುತ್ತದೆ. ತಿಗಣೆ ಬ್ಯಾಗಿನಲ್ಲಿ ಬರುವುದು ನಿಜವೇ. ಆದರೆ ಯಾರ ಬ್ಯಾಗು? ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುವ ಜೀವಿ ಅದು. ಹಾಸಿಗೆಯ ಹೊಲಿಗೆ ಅಂಚಿಗೆ ಟಾರ್ಚ್ ಹಿಡಿದು ನೋಡಿ. ಶಾಯಿ ಚುಕ್ಕೆಯಂಥ ಕಪ್ಪು ಕಲೆ, ಕಳಚಿದ ಪೊರೆ, ಬಿಳಿ ಮೊಟ್ಟೆ ಕಂಡರೆ ಅವು ಅಲ್ಲಿ ಸಂಸಾರ ಹೂಡಿ ವಾರಗಳೇ ಆಗಿವೆ. ನಿನ್ನೆ ಬಂದ ಅತಿಥಿಯ ಮೇಲೆ ಹೊರಿಸುವ ಮಾತಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಅದು ತಿಗಣೆ ಮೇಡಂ. ತಪ್ಪು ನಮ್ಮದು, ಮಗುವಿಗೆ ಹೀಗಾದದ್ದಕ್ಕೆ ತುಂಬಾ ಬೇಜಾರಾಗಿದೆ, ಕ್ಷಮಿಸಿ. ಹತ್ತು ನಿಮಿಷದಲ್ಲಿ ನಾನೇ ಬರುತ್ತೇನೆ. ಅಷ್ಟರಲ್ಲಿ ಬ್ಯಾಗುಗಳನ್ನು ಬಾತ್‌ರೂಮಿನ ನೆಲದ ಮೇಲಿಡಿ. ಬೇರೆ ಹೋಟೆಲಿನಲ್ಲಿ ರೂಮು ಹಿಡಿದಿದ್ದೇನೆ, ಅಲ್ಲಿನ ಬಾಡಿಗೆ ನಮ್ಮದು. ನೀವು ಇಲ್ಲಿ ಕೊಟ್ಟ ಹಣವೂ ವಾಪಸ್. ಬಟ್ಟೆ ಕೊಟ್ಟರೆ ಬಿಸಿನೀರಿನಲ್ಲಿ ಒಗೆಸಿ ಬೆಳಿಗ್ಗೆ ತಲುಪಿಸುತ್ತೇವೆ. ದದ್ದು ಊದಿಕೊಂಡರೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ.’

ಬಾತ್‌ರೂಮೇ ಯಾಕೆ? ನುಣ್ಣನೆ ಟೈಲ್ಸಿನಲ್ಲಿ ಅಡಗಲು ಸಂದಿ ಕಡಿಮೆ. ಪಕ್ಕದ ರೂಮು ಖಾಲಿ ಇದ್ದರೂ ಕೊಡಬಾರದು. ಗೋಡೆಯ ಬಿರುಕು, ವೈರಿನ ಪೈಪು ಹಿಡಿದು ಅವು ಅಲ್ಲಿಗೂ ಹೋಗಿರುತ್ತವೆ. ಬಟ್ಟೆಯನ್ನು ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲೇ ಒಯ್ದು, 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಆ ಬಿಸಿಗೆ ಮೊಟ್ಟೆಯೂ ಉಳಿಯದು. ಇನ್ನೊಂದು ಹೋಟೆಲಿನವರಿಗೂ ವಿಷಯ ತಿಳಿಸಿಬಿಡಬೇಕು. ಮುಜುಗರದ ಕೆಲಸ, ಆದರೆ ಮುಚ್ಚಿಟ್ಟರೆ ನಾವೇ ಅಲ್ಲಿಗೆ ತಿಗಣೆ ಕಳಿಸಿದಂತಾಗುತ್ತದೆ.

ಉತ್ತರದಲ್ಲಿ ಬರೆಯಬಾರದ ಒಂದು ಮಾತೂ ಇದೆ: ‘ಸ್ಪ್ರೇ ಹೊಡೆಸುತ್ತೇವೆ, ನಾಳೆ ಸರಿಹೋಗುತ್ತದೆ.’ ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ಪ್ರೇಗೆ ಬಹಳಷ್ಟು ತಿಗಣೆಗಳು ಈಗ ಬಗ್ಗುವುದಿಲ್ಲ, ಬದುಕಿದವು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತವೆ. ಪೆಸ್ಟ್ ಕಂಟ್ರೋಲಿನವರು ಬಂದು ಮಂಚ ಬಿಚ್ಚಿ ಔಷಧಿ ಹೊಡೆದರೂ ಮೊಟ್ಟೆಗಳು ಉಳಿದು, ಒಂದೆರಡು ವಾರದಲ್ಲಿ ಒಡೆಯುತ್ತವೆ. ಅದಕ್ಕೇ ಸುಮಾರು ಎರಡು ವಾರ ಬಿಟ್ಟು ಇನ್ನೊಮ್ಮೆ ಹೊಡೆಯುವುದು. ಅಲ್ಲಿಯವರೆಗೆ ಆ ರೂಮಿಗೆ ಬೀಗ, ದಸರಾ ಬಾಡಿಗೆ ಹೋದರೆ ಹೋಯಿತು.