ಏಕಾದಶಿ: ಉಪವಾಸ ಯಾವ ದಿನ, ಪಾರಣೆ ಎಷ್ಟು ಹೊತ್ತಿಗೆ

ಚಾಂದ್ರಮಾಸದ ಎರಡೂ ಪಕ್ಷಗಳಲ್ಲಿ ಬರುವ ಹನ್ನೊಂದನೆಯ ತಿಥಿಯೇ ಏಕಾದಶಿ. ವರ್ಷಕ್ಕೆ 24 ಏಕಾದಶಿಗಳು. ಅಧಿಕಮಾಸ ಬಂದ ವರ್ಷ 26. ಇದು ವಿಷ್ಣುವಿಗೆ ಮೀಸಲಾದ ದಿನವಾದ್ದರಿಂದ ಹರಿದಿನವೆಂಬ ಹೆಸರೂ ಇದೆ.

ಪದ್ಮಪುರಾಣದ ಕಥೆಯಂತೆ, ಮುರನೆಂಬ ಅಸುರನೊಡನೆ ಹೋರಾಡಿ ದಣಿದ ವಿಷ್ಣು ಬದರಿಯ ಗುಹೆಯೊಂದರಲ್ಲಿ ಮಲಗಿದ್ದಾಗ ಅವನ ದೇಹದಿಂದಲೇ ಹೊರಬಂದ ಕನ್ಯೆ ಅಸುರನನ್ನು ಕೊಂದಳು. ಅವಳೇ ಏಕಾದಶಿ. ಆ ದಿನ ಉಪವಾಸವಿದ್ದವರ ಪಾಪ ಕಳೆಯಲಿ ಎಂಬುದು ಅವಳು ಪಡೆದ ವರ. ಅಂದು ಪಾಪವೆಲ್ಲ ಅನ್ನವನ್ನು ಆಶ್ರಯಿಸುತ್ತದೆ ಎಂಬ ಇನ್ನೊಂದು ನಂಬಿಕೆಯಿಂದ ಅನ್ನ ವರ್ಜ್ಯವಾಯಿತು. ಚಂದ್ರನ ಸೆಳೆತ, ಜೀರ್ಣಾಂಗಕ್ಕೆ ವಿಶ್ರಾಂತಿ ಮುಂತಾಗಿ ಈಗ ಕೊಡುವ ವಿವರಣೆಗಳಿಗೂ ಪುರಾಣ ಹೇಳುವ ಕಾರಣಕ್ಕೂ ಸಂಬಂಧವಿಲ್ಲ.

ವ್ರತ ಮೂರು ದಿನಗಳದ್ದು. ದಶಮಿಯಂದು ಒಂದೇ ಹೊತ್ತು ಊಟ, ರಾತ್ರಿ ಊಟವಿಲ್ಲ. ಏಕಾದಶಿಯಂದು ಪೂರ್ಣ ಉಪವಾಸ, ಸಾಧ್ಯವಿದ್ದವರಿಗೆ ಭಜನೆ, ಜಾಗರಣೆ. ದ್ವಾದಶಿ ಬೆಳಿಗ್ಗೆ ಪಾರಣೆ, ಅಂದರೆ ಊಟ ಮಾಡಿ ವ್ರತ ಮುಗಿಸುವುದು. ಮಾಧ್ವ ಸಂಪ್ರದಾಯದ ನಿಷ್ಠರು ಏಕಾದಶಿಯಂದು ನೀರನ್ನೂ ಮುಟ್ಟುವುದಿಲ್ಲ. ಬೇರೆ ಹಲವು ಮನೆಗಳಲ್ಲಿ ಹಣ್ಣು, ಹಾಲು, ಅವಲಕ್ಕಿ, ಉಪ್ಪಿಟ್ಟು ನಡೆಯುತ್ತವೆ. ಅವಲಕ್ಕಿಯೂ ಅಕ್ಕಿಯದೇ ಅಲ್ಲವೇ ಎಂದು ನಿಷ್ಠರು ಆಕ್ಷೇಪಿಸಿದರೆ, ಬೇಯಿಸಿದ ಅನ್ನವಲ್ಲವಲ್ಲ ಎಂಬುದು ಉಳಿದವರ ಸಮಾಧಾನ. ಎಂಟು ವರ್ಷದೊಳಗಿನ ಮಕ್ಕಳಿಗೂ ಎಂಬತ್ತು ದಾಟಿದವರಿಗೂ ಶಾಸ್ತ್ರದಲ್ಲೇ ವಿನಾಯಿತಿಯಿದೆ, ರೋಗಿಗಳಿಗೂ ಒತ್ತಾಯವಿಲ್ಲ.

ಕೆಲವೊಮ್ಮೆ ಒಂದೇ ಬೀದಿಯ ಎರಡು ಮನೆಗಳಲ್ಲಿ ಉಪವಾಸ ಬೇರೆ ಬೇರೆ ದಿನ ಬೀಳುತ್ತದೆ. ತಿಥಿ ಸೂರ್ಯೋದಯಕ್ಕೇ ಶುರುವಾಗಬೇಕೆಂದಿಲ್ಲ, ಸರಿಯಾಗಿ 24 ಗಂಟೆ ಇರುವುದೂ ಇಲ್ಲ; ಗೊಂದಲ ಹುಟ್ಟುವುದು ಇಲ್ಲಿಂದಲೇ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯದ ಹೊತ್ತಿಗೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ. ವೈಷ್ಣವರು ನೋಡುವುದು ಅರುಣೋದಯವನ್ನು, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ (96 ನಿಮಿಷ) ಮೊದಲಿನ ಹೊತ್ತನ್ನು. ಆಗ ದಶಮಿ ಉಳಿದಿದ್ದರೆ ಅದು ದಶಮೀವೇಧೆ. ಅಂಥ ಏಕಾದಶಿ ಉಪವಾಸಕ್ಕೆ ಸಲ್ಲದು.

ಉದಾಹರಣೆಗೆ, ಸೂರ್ಯೋದಯ 6:20ಕ್ಕೆ ಎಂದುಕೊಂಡರೆ ಅರುಣೋದಯ 4:44ಕ್ಕೆ. ಸೋಮವಾರ ಬೆಳಗಿನ ಜಾವ 5:10ಕ್ಕೆ ದಶಮಿ ಮುಗಿದರೆ, ಸ್ಮಾರ್ತರಿಗೆ ಅಂದೇ ಉಪವಾಸ. ಅರುಣೋದಯದಲ್ಲಿ ದಶಮಿ ತಗುಲಿದ್ದರಿಂದ ವೈಷ್ಣವರಿಗೆ ಮಂಗಳವಾರ. ಪಂಚಾಂಗದಲ್ಲಿ ಹೀಗೆ ‘ಸ್ಮಾರ್ತ ಏಕಾದಶಿ’, ‘ವೈಷ್ಣವ ಏಕಾದಶಿ’ ಎಂದು ಎರಡು ದಿನ ಅಚ್ಚಾಗಿರುತ್ತದೆ.

ಪಾರಣೆಗೂ ಎರಡು ಗಡಿಗಳಿವೆ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ. ಅದು ಕಳೆಯದೆ ಉಣ್ಣುವಂತಿಲ್ಲ. ದ್ವಾದಶಿ ಮುಗಿಯುವಷ್ಟು ತಡವೂ ಆಗಬಾರದು. ಮೇಲಿನ ಲೆಕ್ಕದಲ್ಲೇ ಬುಧವಾರ 7 ಗಂಟೆಗೆ ದ್ವಾದಶಿ ತೀರುವುದಾದರೆ ವೈಷ್ಣವರ ಪಾರಣೆಗೆ ಸಿಗುವುದು 6:20ರಿಂದ ನಲವತ್ತೇ ನಿಮಿಷ. ಅಡುಗೆ, ಪೂಜೆ, ನೈವೇದ್ಯ ಬೆಳಕು ಹರಿಯುವ ಮೊದಲೇ ಮುಗಿದಿರಬೇಕು. ಪಾರಣೆಯ ಎಲೆಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಬಡಿಸುವ ರೂಢಿಯಿದೆ. ಊಟ ಆ ಹೊತ್ತಿಗೆ ಆಗದಿದ್ದರೆ ನೀರು ಕುಡಿದು ವ್ರತ ಮುಗಿಸಬಹುದು: ಭಾಗವತದಲ್ಲಿ ಅಂಬರೀಷ ರಾಜ, ಸ್ನಾನಕ್ಕೆ ಹೋದ ಅತಿಥಿ ದೂರ್ವಾಸರು ಬರುವುದು ತಡವಾದಾಗ, ದ್ವಾದಶಿ ಮೀರದಂತೆ ಮಾಡಿದ್ದು ಅದನ್ನೇ.